ಸ್ಟಾರ್ ತೆಗೆಯಲು ಹೋಗಿ

ಮಾರ್ಚ್ ತಿಂಗಳ ಕೊನೆ. ರಾತ್ರಿ ಊಟಕ್ಕೆ ಕೂತಿದ್ದೆ, ಫೋನ್ ಬಂತು. ಪರಿಚಯದ ಶಾಲೆಯೊಂದರ ಮೇಡಂ. "ಸಾರ್, ಎಂಟನೇ ಕ್ಲಾಸಿನ ಮಾರ್ಕ್ಸ್ ಶೀಟ್ ಪೂರ್ತಿ ಖಾಲಿಯಾಗೋಯ್ತು. ನಾನೇನೂ ಮಾಡಿಲ್ಲ ಸಾರ್, ಬರೀ ಸ್ಟಾರ್ ತೆಗೆಯೋಕೆ ಹೋದೆ." ಗಾಬರಿಯಲ್ಲಿ ಅವರ ದನಿ ನಡುಗುತ್ತಿತ್ತು. ಮೊದಲು ನಾನು ಹೇಳಿದ್ದು ಎರಡೇ ಮಾತು: "ಸೇವ್ ಮಾಡಬೇಡಿ. ಫೈಲ್ ಮುಚ್ಚಬೇಡಿ." ಆಮೇಲೆ ಕಂಟ್ರೋಲ್ ಒತ್ತಿ ಹಿಡಿದು ಝಡ್ ಒತ್ತಲು ಹೇಳಿದೆ. ಒಂದೇ ಸಲಕ್ಕೆ ಮಕ್ಕಳೆಲ್ಲ ತಂತಮ್ಮ ಅಂಕಗಳ ಸಮೇತ ವಾಪಸು ಬಂದರು. ಆ ಕಡೆಯಿಂದ ಬಂದ ನಿಟ್ಟುಸಿರು ನನಗೆ ಊಟದ ತಟ್ಟೆಯ ಮುಂದೆಯೂ ಕೇಳಿಸಿತು.

ಮಕ್ಕಳು ಬಂದರು, ಆದರೆ ಅವರ ಜತೆಗೆ ಸ್ಟಾರ್‌ಗಳೂ ಬಂದವು. ಅವುಗಳನ್ನು ತೆಗೆಯುವುದು ಹೇಗೆ ಎಂಬುದೇ ಇವತ್ತಿನ ಮಾತು.

ಆ ಶೀಟು ಹೇಗಿತ್ತು ಅಂತ ಮೊದಲು ಹೇಳಿಬಿಡುತ್ತೇನೆ. ಮೇಲೆ ತಲೆಬರಹದ ಒಂದು ಸಾಲು, ಕೆಳಗೆ 42 ಮಕ್ಕಳು. ಎಡದಿಂದ ಕ್ರಮಸಂಖ್ಯೆ, ಹೆಸರು, ಆರು ವಿಷಯಗಳ ಅಂಕ, ಒಟ್ಟು, ಫಲಿತಾಂಶ. ಹೀಗೆ ಹತ್ತು ಕಾಲಂ. ಕೃಪಾಂಕ ಪಡೆದು ಪಾಸಾದ ಮಕ್ಕಳ ಅಂಕದ ಪಕ್ಕದಲ್ಲಿ ಯಾರೋ ಒಂದು ನಕ್ಷತ್ರ ಚಿಹ್ನೆ ಹಾಕಿದ್ದರು. ಮೂವತ್ತೈದರ ಮುಂದೆ ಒಂದು ಸ್ಟಾರ್, ಹೀಗೆ: `35*`. ಅಂಥ ಚೌಕಗಳು ಇಡೀ ಹಾಳೆಯಲ್ಲಿ ಒಂಬತ್ತು. ಮೇಡಂ ಕಂಟ್ರೋಲ್ ಎಚ್ ಒತ್ತಿ, ಹುಡುಕುವ ಖಾನೆಯಲ್ಲಿ ಸ್ಟಾರ್ ಹಾಕಿ, ಬದಲಿ ಖಾನೆಯನ್ನು ಖಾಲಿ ಬಿಟ್ಟು, ರೀಪ್ಲೇಸ್ ಆಲ್ ಒತ್ತಿದರು. ಬದಲಾವಣೆ 430 ಆಯಿತೆಂದು ಎಕ್ಸೆಲ್ ಹೇಳಿತು. ಒಂಬತ್ತು ಸ್ಟಾರ್ ತೆಗೆಯಲು ಹೋದವರಿಗೆ 430 ಎಲ್ಲಿಂದ ಬಂತು? ತಲೆಬರಹವೂ ಸೇರಿ 43 ಸಾಲು, ಹತ್ತು ಕಾಲಂ; ಗುಣಿಸಿ ನೋಡಿ. ಹಾಳೆಯಲ್ಲಿ ತುಂಬಿದ್ದ ಪ್ರತಿಯೊಂದು ಚೌಕವೂ ಖಾಲಿಯಾಗಿತ್ತು. ಒಟ್ಟು ಕೂಡುವ ಸೂತ್ರಗಳು ಕೂಡ ಉಳಿದಿರಲಿಲ್ಲ.

ಇಸ್ಪೀಟಿನಲ್ಲಿ ರಮ್ಮಿ ಆಡುವವರಿಗೆ ಇದನ್ನು ಬೇಗ ಹೇಳಬಹುದು. ಕಟ್ ಜೋಕರ್ ಅಂತ ಒಂದಿರುತ್ತದಲ್ಲ? ಎಲೆ ಹಂಚಿದ ಮೇಲೆ ಒಂದು ಎಲೆ ತೆಗೆದು ತೋರಿಸುತ್ತಾರೆ. ಏಳು ಬಂತು ಅನ್ನಿ, ಆ ಆಟಕ್ಕೆ ಏಳುಗಳೆಲ್ಲ ಜೋಕರ್. ಯಾವ ಎಲೆಯ ಜಾಗದಲ್ಲಿ ಬೇಕಾದರೂ ಕೂರುತ್ತವೆ. ಎಕ್ಸೆಲ್‌ನ ಹುಡುಕುವ ಖಾನೆಯಲ್ಲಿ ಸ್ಟಾರ್ ಅಂಥದೇ ಜೋಕರ್. "ಇಲ್ಲಿ ಏನಾದರೂ ಇರಲಿ, ಎಷ್ಟು ಅಕ್ಷರ ಬೇಕಾದರೂ ಇರಲಿ, ನನಗೆ ಒಪ್ಪಿಗೆ" ಅನ್ನುವುದು ಅದರ ಅರ್ಥ. ಪ್ರಶ್ನಾರ್ಥಕ ಚಿಹ್ನೆ ಇನ್ನೊಂದು ಜೋಕರ್, ಸ್ವಲ್ಪ ಬಡ ಜೋಕರ್; ಅದು ಒಂದೇ ಒಂದು ಅಕ್ಷರದ ಜಾಗ ತುಂಬುತ್ತದೆ. ಸ್ಟಾರ್ ಹುಡುಕು ಅಂದಾಗ ಎಕ್ಸೆಲ್‌ಗೆ ಕೇಳಿಸಿದ್ದು "ಏನಿದ್ದರೂ ಹುಡುಕು" ಅಂತ. ಅದು ಹೇಳಿದಷ್ಟನ್ನೇ ಮಾಡಿತು.

ರಮ್ಮಿ ಬಲ್ಲವರು ಈಗ ಒಂದು ತಕರಾರು ತೆಗೆಯಬಹುದು. ಇಸ್ಪೀಟಿನ ಏಳು ಜೋಕರ್ ಆಗಿದ್ದರೂ, ಅದೇ ಜಾತಿಯ ಆರು ಮತ್ತು ಎಂಟರ ನಡುವೆ ಕೂತಾಗ ಅದು ಜೋಕರ್ ಅಲ್ಲ, ತನ್ನ ಸ್ವಂತ ಏಳೇ. ನಿಜ. ನಮಗೆ ಬೇಕಾದದ್ದೂ ಅದೇ: ಸ್ಟಾರನ್ನು ಸ್ಟಾರಾಗಿಯೇ ಕೂರಿಸುವುದು. ಅದಕ್ಕೆಂದು ಎಕ್ಸೆಲ್ ಒಂದು ಗುರುತು ಇಟ್ಟುಕೊಂಡಿದೆ, ಟಿಲ್ಡೆ. ನೋಡಲು ಮಲಗಿದ ಅಲೆಯ ಹಾಗಿರುವ ಸಣ್ಣ ಗೆರೆ. ಸ್ಟಾರಿನ ಹಿಂದೆ, ಅಂದರೆ ಅದರ ಎಡಕ್ಕೆ, ಜಾಗ ಬಿಡದೆ ಟಿಲ್ಡೆ ಹಾಕಿದರೆ ಆ ಸ್ಟಾರ್ ಜೋಕರ್ ವೇಷ ಕಳಚುತ್ತದೆ. ರೇಡಿಯೋದಲ್ಲಿ ಇದನ್ನು ತೋರಿಸಲಾಗದು, ಬಾಯಲ್ಲಿ ಹೇಳುತ್ತೇನೆ, ಬರೆದುಕೊಳ್ಳಿ: ಟಿಲ್ಡೆ ಸ್ಟಾರ್, ಟಿಲ್ಡೆ ಪ್ರಶ್ನೆ, ಟಿಲ್ಡೆ ಟಿಲ್ಡೆ.

```
~*
~?
~~
```

ಮೂರನೆಯದು ಏಕೆ ಅಂದರೆ, ಟಿಲ್ಡೆ ಇಂಥ ಕೆಲಸಕ್ಕೆ ನೇಮಕವಾದ ಮೇಲೆ ಅದಕ್ಕೂ ಸ್ವಂತ ಮುಖ ಇಲ್ಲದಂತಾಯಿತು. ಹಾಳೆಯಲ್ಲಿರುವ ಟಿಲ್ಡೆಯನ್ನೇ ಹುಡುಕಬೇಕಾದರೆ ಎರಡು ಹಾಕಬೇಕು.

ಟಿಲ್ಡೆ ಎಲ್ಲಿದೆ ಅಂತ ಕೇಳುವವರೇ ಹೆಚ್ಚು. ನಮ್ಮಲ್ಲಿ ಸಾಮಾನ್ಯವಾಗಿ ಸಿಗುವ ಕೀಲಿಮಣೆಯಲ್ಲಿ ಎಡ ಮೂಲೆಯ ಎಸ್ಕೇಪ್ ಕೀಲಿಯ ಕೆಳಗೆ, 1 ಅಂಕಿಯ ಎಡಕ್ಕೆ ಒಂದು ಕೀಲಿ ಇದೆ. ಶಿಫ್ಟ್ ಹಿಡಿದು ಅದನ್ನು ಒತ್ತಬೇಕು. ಕನ್ನಡದಲ್ಲಿ ಹೆಸರು ತುಂಬುತ್ತಿರುವವರಿಗೆ ಇಲ್ಲೊಂದು ತೊಡಕು: ಇನ್‌ಸ್ಕ್ರಿಪ್ಟ್ ವಿನ್ಯಾಸದಲ್ಲಿ ಅದೇ ಕೀಲಿಗೆ ಶಿಫ್ಟ್ ಸೇರಿಸಿದರೆ ಬರುವುದು ಒ ಅಕ್ಷರ. "ಸಾರ್, ನೀವು ಹೇಳಿದ ಕೀಲಿ ಒತ್ತಿದರೆ ಒ ಬರ್ತಿದೆ" ಅಂತ ನನಗೆ ಎಷ್ಟೋ ಜನ ಹೇಳಿದ್ದಾರೆ. ಆ ಹೊತ್ತಿಗೆ ಕೀಲಿಮಣೆಯನ್ನು ಇಂಗ್ಲಿಷಿಗೆ ತಿರುಗಿಸಿಕೊಳ್ಳಿ, ಆಮೇಲೆ ಮತ್ತೆ ಕನ್ನಡಕ್ಕೆ ಬನ್ನಿ.

ಮೇಡಂ ಟಿಲ್ಡೆ ಸ್ಟಾರ್ ಬರೆದರು. ರೀಪ್ಲೇಸ್ ಆಲ್ ಒತ್ತಲು ಕೈ ಮುಂದೆ ಹೋಗಿತ್ತು, ನಾನು ತಡೆದೆ. ಅದೇ ಸಾಲಿನಲ್ಲಿ ಫೈಂಡ್ ಆಲ್ ಅಂತ ಇನ್ನೊಂದು ಗುಂಡಿ ಇದೆ. ಅದು ಏನನ್ನೂ ಬದಲಿಸುವುದಿಲ್ಲ, ಸಿಕ್ಕ ಚೌಕಗಳನ್ನೆಲ್ಲ ಪಟ್ಟಿ ಮಾಡಿ ಎಷ್ಟು ಸಿಕ್ಕವು ಅಂತ ಕೆಳಗೆ ತೋರಿಸುತ್ತದೆ. ಒಂಬತ್ತು ಅಂತ ಬಂದರೆ ಸರಿ. 430 ಅಂತ ಬಂದರೆ ಟಿಲ್ಡೆ ಬಿಟ್ಟುಹೋಗಿದೆ ಅಂತಲೇ ಲೆಕ್ಕ.

ಬಂದದ್ದು ಹನ್ನೊಂದು. ಎರಡು ಹೆಚ್ಚು! ಪಟ್ಟಿ ಓದಿಸಿದೆ. ಒಂಬತ್ತು ಅಂಕದ ಚೌಕಗಳೇ ಆಗಿದ್ದವು. ಉಳಿದೆರಡು ಹಾಳೆಯ ಬಲಗಡೆ, ಅಂಕಗಳು ವಾಪಸು ಬಂದ ಮೇಲೆ ಮೇಡಂ ಯಾವುದೋ ಲೆಕ್ಕಕ್ಕೆ ಬರೆದಿಟ್ಟಿದ್ದ ಸೂತ್ರಗಳು. ಒಂದು ಹೀಗಿತ್ತು:

```
=C2*5
```

ಸೂತ್ರದಲ್ಲಿ ಸ್ಟಾರ್ ಅಂದರೆ ಗುಣಾಕಾರ. ಬದಲಿಸುವ ಕೆಲಸದಲ್ಲಿ ಎಕ್ಸೆಲ್ ನೋಡುವುದು ಚೌಕದಲ್ಲಿ ಕಾಣುವ ಉತ್ತರವನ್ನಲ್ಲ, ಒಳಗೆ ಬರೆದಿರುವ ಸೂತ್ರವನ್ನು. ಇಲ್ಲಿಂದ ಸ್ಟಾರ್ ತೆಗೆದರೆ ಏನಾಗುತ್ತದೆ ನೋಡಿ: ಸಿ ಎರಡು, ಐದು ಎರಡೂ ಅಂಟಿಕೊಂಡು ಸಿ ಇಪ್ಪತ್ತೈದು ಆಗುತ್ತದೆ. ಅದೂ ಒಂದು ಸರಿಯಾದ ಚೌಕದ ವಿಳಾಸವೇ. ಎಕ್ಸೆಲ್ ತಕರಾರು ಮಾಡುವುದಿಲ್ಲ, ಕೆಂಪು ಗುರುತು ಬರುವುದಿಲ್ಲ, ಇಪ್ಪತ್ತೈದನೇ ಸಾಲಿನಲ್ಲಿರುವುದನ್ನು ತಂದು ತಣ್ಣಗೆ ಕೂರಿಸುತ್ತದೆ. ಹಾಳೆ ಖಾಲಿಯಾದರೆ ಕಣ್ಣಿಗೆ ಬೀಳುತ್ತದೆ, ಕಂಟ್ರೋಲ್ ಝಡ್ ಒತ್ತುತ್ತೇವೆ. ಇದು ಕಣ್ಣಿಗೆ ಬೀಳುವುದೇ ಇಲ್ಲ. ನನ್ನ ಪ್ರಕಾರ ಇದೇ ಹೆಚ್ಚು ಕೆಟ್ಟದ್ದು.

ಹಾಗಾಗಿ ಅಂಕಗಳಿರುವ ಆರು ಕಾಲಂಗಳನ್ನು, ಸಿ ಎರಡರಿಂದ ಎಚ್ ನಲವತ್ಮೂರರವರೆಗೆ, ಮೊದಲು ಮೌಸಿನಿಂದ ಆರಿಸಿಕೊಳ್ಳಲು ಹೇಳಿದೆ. ಹೀಗೆ ಒಂದಷ್ಟು ಜಾಗ ಆರಿಸಿದ್ದರೆ ಬದಲಾವಣೆ ಅಷ್ಟಕ್ಕೇ ನಿಲ್ಲುತ್ತದೆ. ಒಂದೇ ಚೌಕದ ಮೇಲೆ ಕೂತಿದ್ದರೆ ಇಡೀ ಹಾಳೆಗೆ ಅನ್ವಯ. ಆರಿಸಿ, ಮತ್ತೆ ಹುಡುಕಿದಾಗ ಒಂಬತ್ತು. ಈಗ ರೀಪ್ಲೇಸ್ ಆಲ್.

ಆಗ ಮೇಡಂ ಕೇಳಿದ ಪ್ರಶ್ನೆ ನನಗೆ ಇಷ್ಟವಾಯಿತು. "ಸಾರ್, ಒಟ್ಟು ಬದಲಾಗಿಬಿಡ್ತಲ್ಲ?" ಹೌದು, ಬದಲಾಗಿತ್ತು. ಒಬ್ಬ ಹುಡುಗನ ಅಂಕಗಳು 48, 52, `35*`, 61, 44, 57. ಅಲ್ಲಿಯವರೆಗೂ ಅವನ ಒಟ್ಟು 262 ಅಂತ ತೋರಿಸುತ್ತಿತ್ತು. ಸ್ಟಾರ್ ಹೋದ ಕೂಡಲೇ 297. ಕಾರಣ ಇಷ್ಟೇ: ಅಂಕಿಯ ಪಕ್ಕ ಸ್ಟಾರ್ ಸೇರಿದರೆ ಅದು ಎಕ್ಸೆಲ್ ಪಾಲಿಗೆ ಅಂಕಿಯಲ್ಲ, ಬರೀ ಬರಹ. ಕೂಡುವ ಸಮ್ ಸೂತ್ರ ಚೌಕಗಳಲ್ಲಿರುವ ಬರಹವನ್ನು ಸದ್ದಿಲ್ಲದೆ ಬಿಟ್ಟು ಮುಂದೆ ಹೋಗುತ್ತದೆ. ಕೃಪಾಂಕ ಕೊಟ್ಟು ಪಾಸು ಮಾಡಿದ ಹುಡುಗನಿಗೆ ಆ ವಿಷಯದ ಮೂವತ್ತೈದೂ ಒಟ್ಟಿಗೆ ಸೇರಿರಲಿಲ್ಲ. ಸ್ಟಾರ್ ತೆಗೆದಾಗ ಎಕ್ಸೆಲ್ ಚೌಕವನ್ನು ಹೊಸದಾಗಿ ಟೈಪ್ ಮಾಡಿದಂತೆ ಓದಿಕೊಂಡು ಅದನ್ನು ಅಂಕಿ ಮಾಡಿತು. ಚೌಕದ ಸ್ವರೂಪವನ್ನು ಮೊದಲೇ ಟೆಕ್ಸ್ಟ್ ಅಂತ ಇಟ್ಟಿದ್ದರೆ ಮಾತ್ರ ಹಾಗಾಗುವುದಿಲ್ಲ. ಸ್ಟಾರ್ ಹೋದರೂ ಮೂವತ್ತೈದು ಬರಹವಾಗಿಯೇ ಉಳಿಯುತ್ತದೆ. ಇದರದ್ದೇ ಇನ್ನೊಂದು ಮುಖವೂ ಇದೆ. ಸೊನ್ನೆಯಿಂದ ಶುರುವಾಗುವ ನೋಂದಣಿ ಸಂಖ್ಯೆಯ ಪಕ್ಕ ಸ್ಟಾರ್ ಇತ್ತು ಅನ್ನಿ, `0412*` ಅಂತ. ಸ್ಟಾರ್ ತೆಗೆದರೆ ಅದು ಅಂಕಿಯಾಗಿ, ಮೊದಲ ಸೊನ್ನೆಯೂ ಹೋಗಿ, ಬರೀ 412 ಉಳಿಯುತ್ತದೆ. ಅಂಥ ಕಾಲಂಗೆ ಮೊದಲೇ ಟೆಕ್ಸ್ಟ್ ಸ್ವರೂಪ ಕೊಟ್ಟು ಆಮೇಲೆ ಕೈ ಹಾಕಬೇಕು.

ಕೆಲವೊಮ್ಮೆ ಉಲ್ಟಾ ಆಗುತ್ತದೆ. ಟಿಲ್ಡೆ ಸ್ಟಾರ್ ಸರಿಯಾಗಿಯೇ ಹಾಕಿರುತ್ತೇವೆ, ಎದುರಿಗೆ ಸ್ಟಾರ್ ಕಾಣುತ್ತಿರುತ್ತದೆ, ಎಕ್ಸೆಲ್ ಏನೂ ಸಿಗಲಿಲ್ಲ ಅನ್ನುತ್ತದೆ. ನಾನು ಕಂಡಂತೆ ಸಾಮಾನ್ಯ ಕಾರಣ ಒಂದು ಸಣ್ಣ ಟಿಕ್. ಹುಡುಕುವ ಕಿಟಕಿಯ ಆಪ್ಷನ್ಸ್ ಬಿಚ್ಚಿದರೆ ಮ್ಯಾಚ್ ಎಂಟೈರ್ ಸೆಲ್ ಕಂಟೆಂಟ್ಸ್ ಅಂತ ಒಂದು ಚೌಕ ಇದೆ. ಅದಕ್ಕೆ ಟಿಕ್ ಇದ್ದರೆ, ಇಡೀ ಚೌಕದಲ್ಲಿ ಸ್ಟಾರ್ ಒಂದೇ ಇರಬೇಕು, ಮೂವತ್ತೈದರ ಜತೆ ಇದ್ದರೆ ಲೆಕ್ಕಕ್ಕಿಲ್ಲ. ಬೆಳಗ್ಗೆ ಬೇರೆ ಯಾವುದಕ್ಕೋ ಹಾಕಿದ ಟಿಕ್ ಸಂಜೆಯವರೆಗೂ ಉಳಿದಿರುತ್ತದೆ. ಅದೂ ಇಲ್ಲವೆಂದರೆ ಆ ಸ್ಟಾರ್ ನಿಜವಾಗಿ ಚೌಕದಲ್ಲಿ ಇಲ್ಲದಿರಬಹುದು. ಅಂಕಿಯ ಸ್ವರೂಪದ ಮೂಲಕ ತೋರಿಕೆಗೆ ಮಾತ್ರ ಹಚ್ಚಿರುತ್ತಾರೆ. ಆ ಚೌಕದ ಮೇಲೆ ಕೂತು ಮೇಲಿನ ಸೂತ್ರಪಟ್ಟಿ ನೋಡಿದರೆ ಅಲ್ಲಿ ಬರೀ 35 ಕಾಣುತ್ತದೆ. ಇನ್ನೂ ಒಂದು ಸಾಧ್ಯತೆ, ಅದು ಬೇರೆ ಜಾತಿಯ ಸ್ಟಾರ್. ಎಲ್ಲಿಂದಲೋ ನಕಲು ಮಾಡಿ ಅಂಟಿಸಿದ ಬರಹದಲ್ಲಿ ನೋಡಲು ಸ್ಟಾರಿನಂತೆಯೇ ಇರುವ ಬೇರೆ ಚಿಹ್ನೆಗಳು ಬಂದಿರುತ್ತವೆ. ಅನುಮಾನ ಬಂದರೆ ಪಕ್ಕದ ಖಾಲಿ ಚೌಕದಲ್ಲಿ ಇದನ್ನು ಬರೆದು ನೋಡಿ:

```
=UNICODE(RIGHT(C7,1))
```

ಸಿ ಏಳನೇ ಚೌಕದ ಕೊನೆಯ ಅಕ್ಷರದ ಸಂಖ್ಯೆ ಬರುತ್ತದೆ. ನಮ್ಮ ಸ್ಟಾರಿಗೆ 42, ಪ್ರಶ್ನಾರ್ಥಕಕ್ಕೆ 63, ಟಿಲ್ಡೆಗೆ 126. 32 ಬಂದರೆ ಸ್ಟಾರಿನ ಬಲಕ್ಕೆ ಕಾಣದ ಒಂದು ಖಾಲಿ ಜಾಗ ಕೂತಿದೆ ಅಂತ. ಬೇರೆ ಯಾವುದೋ ಸಂಖ್ಯೆ ಬಂದರೆ ಅದು ನಮ್ಮ ಸ್ಟಾರ್ ಅಲ್ಲ. ಆ ಚಿಹ್ನೆಯನ್ನೇ ನಕಲು ಮಾಡಿ ಹುಡುಕುವ ಖಾನೆಗೆ ಅಂಟಿಸಿ, ಟಿಲ್ಡೆಯ ಗೊಡವೆಯೇ ಬೇಡ. ಅಂದಹಾಗೆ, ಬದಲಿ ಖಾನೆಯಲ್ಲಿ ಟಿಲ್ಡೆ ಬೇಡ. ಅಲ್ಲಿ ಜೋಕರ್‌ಗಳಿಲ್ಲ, ಸ್ಟಾರ್ ಹಾಕಿದರೆ ಸ್ಟಾರೇ ಬರುತ್ತದೆ.

ಅಂಗಡಿ ಇಟ್ಟುಕೊಂಡವರು ಕೇಳುತ್ತಿದ್ದರೆ ಈಗ ಹೇಳುವುದು ಅವರಿಗೆ. ಪ್ಲೈವುಡ್ ಹಾಳೆಯ ಅಳತೆಯನ್ನು ಎಂಟು ಸ್ಟಾರ್ ನಾಲ್ಕು ಅಂತ ಟೈಪ್ ಮಾಡುವುದು ರೂಢಿ. ದರಪಟ್ಟಿಯಲ್ಲಿ ದಪ್ಪವನ್ನೂ ಸೇರಿಸಿ `8*4*4`, ಅಂದರೆ ನಾಲ್ಕು ಮಿಲಿಮೀಟರಿನದು, ಮೇಲಿನ ಸಾಲಿನಲ್ಲಿದೆ. ಬರೀ `8*4` ಕೆಳಗಿದೆ ಅನ್ನಿ. ಅದೇ ಹಾಳೆಯ ಬಿಲ್ಲಿನ ಜಾಗದಲ್ಲಿ ವಿಲುಕಪ್ ಸೂತ್ರ ಹಾಕಿ `8*4` ದರ ಕೇಳಿದರೆ, ಸೂತ್ರ ಹುಡುಕುವುದು ಎಂಟರಿಂದ ಶುರುವಾಗಿ ನಾಲ್ಕರಲ್ಲಿ ಮುಗಿಯುವ ಮೊದಲ ಸಾಲನ್ನು. ಮೇಲಿನದೇ ಸಿಗುತ್ತದೆ, ಅದರ ದರವೇ ಬಿಲ್ಲಿಗೆ ಬರುತ್ತದೆ. ತಪ್ಪು ಅಂತ ಯಾರೂ ಹೇಳುವುದಿಲ್ಲ, ಗಿರಾಕಿಗೆ ಕಡಿಮೆ ದರ ಬಿದ್ದರೆ ಅವನಂತೂ ಹೇಳುವುದಿಲ್ಲ. ಇಲ್ಲಿ ಟಿಲ್ಡೆಯನ್ನು ಕೈಯಿಂದ ಹಾಕುತ್ತಾ ಕೂರಲಾಗದು, ಸೂತ್ರದಲ್ಲೇ ಸೇರಿಸಬೇಕು:

```
=VLOOKUP(SUBSTITUTE(D2,"*","~*"),A2:B60,2,FALSE)
```

ಸಬ್‌ಸ್ಟಿಟ್ಯೂಟ್ ಅನ್ನುವ ಸೂತ್ರಕ್ಕೆ ಜೋಕರ್‌ಗಳ ಪರಿಚಯವೇ ಇಲ್ಲ, ಅದಕ್ಕೆ ಸ್ಟಾರ್ ಅಂದರೆ ಸ್ಟಾರ್. ಹಾಗಾಗಿ ಅದು ಪ್ರತಿ ಸ್ಟಾರಿನ ಹಿಂದೆ ಒಂದು ಟಿಲ್ಡೆ ಇಟ್ಟು ವಿಲುಕಪ್ ಕೈಗೆ ಕೊಡುತ್ತದೆ. ನಿಮ್ಮ ಪಟ್ಟಿಯಲ್ಲಿ ಟಿಲ್ಡೆಯೂ ಇದ್ದರೆ ಮೊದಲು ಅದನ್ನು ಎರಡು ಟಿಲ್ಡೆ ಮಾಡಿ, ಆಮೇಲೆ ಸ್ಟಾರಿನ ಕೆಲಸಕ್ಕೆ ಬನ್ನಿ. ಕ್ರಮ ತಪ್ಪಿದರೆ ಈಗಷ್ಟೇ ಹಾಕಿದ ಟಿಲ್ಡೆಯೂ ಇಮ್ಮಡಿಯಾಗಿ ಸ್ಟಾರ್ ಮತ್ತೆ ಜೋಕರ್ ಆಗುತ್ತದೆ. ಹೊಸ ಎಕ್ಸೆಲ್‌ನಲ್ಲಿರುವ ಎಕ್ಸ್‌ಲುಕಪ್‌ಗೆ ಈ ರಗಳೆಯಿಲ್ಲ. ಜೋಕರ್ ಬೇಕು ಅಂತ ನಾವಾಗಿ ಕೇಳದ ಹೊರತು ಅದು ಸ್ಟಾರನ್ನು ಸ್ಟಾರೆಂದೇ ಓದುತ್ತದೆ.

ಈ ಟಿಲ್ಡೆ ಎಲ್ಲ ಕಡೆ ನಡೆಯುವ ನಾಣ್ಯ ಅಂದುಕೊಳ್ಳಬೇಡಿ. ವರ್ಡ್‌ನಲ್ಲಿ ಸ್ಟಾರ್ ಮಾಮೂಲಿಯಾಗಿ ಸ್ಟಾರೇ. ಯೂಸ್ ವೈಲ್ಡ್‌ಕಾರ್ಡ್ಸ್ ಅನ್ನುವುದಕ್ಕೆ ಟಿಕ್ ಹಾಕಿದಾಗ ಮಾತ್ರ ಅದು ಜೋಕರ್, ಆಗಲೂ ವೇಷ ಕಳಚಲು ಬೇಕಾದದ್ದು ಟಿಲ್ಡೆಯಲ್ಲ, ಹಿಂದಕ್ಕೆ ವಾಲಿದ ಓರೆಗೆರೆ. ಗೂಗಲ್ ಶೀಟ್ಸ್‌ನ ಹುಡುಕುವ ಕಿಟಕಿಯಲ್ಲೂ ಸ್ಟಾರ್ ಸ್ಟಾರೇ. ಲಿಬ್ರೆಆಫೀಸ್ ಕ್ಯಾಲ್ಕ್‌ನಲ್ಲಿ ವೈಲ್ಡ್‌ಕಾರ್ಡ್ಸ್ ಟಿಕ್ ಇದ್ದರೆ ಎಕ್ಸೆಲ್‌ನ ಹಾಗೆಯೇ ಟಿಲ್ಡೆ. ಹಳೆಯ ಡಾಸ್ ಕಾಲದವರಿಗೆ ನೆನಪಿರಬಹುದು, ಸ್ಟಾರ್ ಡಾಟ್ ಸ್ಟಾರ್ ಅಂತ ಕೊಟ್ಟು ಫೈಲ್‌ಗಳನ್ನೆಲ್ಲ ಅಳಿಸಲು ಹೋದರೆ ಆ ಬಡ ಯಂತ್ರವೂ "ಖಾತ್ರಿಯೇ?" ಅಂತ ಒಮ್ಮೆ ಕೇಳುತ್ತಿತ್ತು. ಎಕ್ಸೆಲ್ ಕೇಳುವುದಿಲ್ಲ.

ಈಗ ಪ್ರಶ್ನಾರ್ಥಕ ಚಿಹ್ನೆಗೆ ಬರೋಣ. ಕನ್ನಡದವರಿಗೆ ಇದರ ಕಾಟ ಬೇರೆಯೇ. ಒಂದು ಅಕ್ಷರದ ಜಾಗ ತುಂಬುತ್ತದೆ ಅಂದೆನಲ್ಲ, ಯಾವ ಅಕ್ಷರ? ನಾವು ಕನ್ನಡ ಎಂಬುದನ್ನು ಮೂರು ಅಕ್ಷರ ಅನ್ನುತ್ತೇವೆ. ಎಕ್ಸೆಲ್ ಎಣಿಸುವುದು ಐದು: ಕ, ನ, ವಿರಾಮದ ಗುರುತು, ಮತ್ತೊಂದು ನ, ಡ. ಹಾಗಾಗಿ ಮೂರಕ್ಷರದ ಹೆಸರು ಸಿಗಲಿ ಅಂತ ಮ್ಯಾಚ್ ಎಂಟೈರ್ ಸೆಲ್ ಕಂಟೆಂಟ್ಸ್‌ಗೆ ಟಿಕ್ ಕೊಟ್ಟು ಮೂರು ಪ್ರಶ್ನಾರ್ಥಕ ಹಾಕಿದರೆ ನಮ್ಮ ನಿರೀಕ್ಷೆಯ ಎಷ್ಟೋ ಹೆಸರುಗಳು ಸಿಗುವುದಿಲ್ಲ. ರಮೇಶ ಕೂಡ ಅಲ್ಲಿ ನಾಲ್ಕಕ್ಷರ. ಏತ್ವವನ್ನು ಬೇರೆಯಾಗಿ ಎಣಿಸುತ್ತದೆ.

ಇದನ್ನೇಕೆ ಹೇಳಿದೆ ಅಂದರೆ, ಒಂದು ವಾರ ಬಿಟ್ಟು ಮೇಡಂ ಮತ್ತೆ ಫೋನ್ ಮಾಡಿದರು. "ಸಾರ್, ಹೆಸರಿನ ಕಾಲಂ ತುಂಬ ಪ್ರಶ್ನಾರ್ಥಕ ಬಂದುಬಿಟ್ಟಿದೆ. ಟಿಲ್ಡೆ ಹಾಕಿ ತೆಗೆಯಲಾ?" ಕೇಳಿ ನನಗೆ ಎದೆ ಧಸಕ್ಕೆಂದಿತು. "ತೆಗೆಯಬೇಡಿ, ಒಂದು ಹೆಸರು ಓದಿ" ಅಂದೆ. "ನಾಲ್ಕು ಪ್ರಶ್ನಾರ್ಥಕ ಇದೆ ಸಾರ್. ಇದು ರಮೇಶನ ಸಾಲು."

ನಡೆದದ್ದು ಇಷ್ಟು. ಯಾರೋ ಆ ಹಾಳೆಯನ್ನು ಮೇಲಿನ ಕಚೇರಿಗೆ ಕಳಿಸಲು ಸಿಎಸ್‌ವಿ ಫೈಲಾಗಿ ಉಳಿಸಿದ್ದರು. ಎಕ್ಸೆಲ್‌ನ ಉಳಿಸುವ ಪಟ್ಟಿಯಲ್ಲಿ ಸಿಎಸ್‌ವಿ ಒಂದಕ್ಕಿಂತ ಹೆಚ್ಚು ಇವೆ. ಕನ್ನಡ ಉಳಿಯಬೇಕಾದರೆ `CSV UTF-8` ಎಂಬುದನ್ನೇ ಆರಿಸಬೇಕು. ಮಾಮೂಲಿ ಸಿಎಸ್‌ವಿ ಆರಿಸಿದರೆ ಹಳೆಯ ಅಕ್ಷರಪಟ್ಟಿಯಲ್ಲಿ ಕನ್ನಡಕ್ಕೆ ಜಾಗವಿಲ್ಲ. ಸಿಗದ ಪ್ರತಿ ಅಕ್ಷರದ ಬದಲು ಒಂದು ಪ್ರಶ್ನಾರ್ಥಕ ಬರೆದು ಫೈಲ್ ಮುಚ್ಚುತ್ತದೆ. ತೆರೆದಿರುವ ಹಾಳೆಯಲ್ಲಿ ಆ ಹೊತ್ತಿಗೆ ಹೆಸರುಗಳು ಹಾಗೆಯೇ ಕಾಣುತ್ತಿರುತ್ತವೆ, ಅದೇ ಮೋಸ. ಮುಚ್ಚಿ ಮತ್ತೆ ತೆರೆದಾಗಲೇ ಗೊತ್ತಾಗುವುದು.

ಇಂಥ ಫೈಲಿನಲ್ಲಿ ಟಿಲ್ಡೆ ಪ್ರಶ್ನೆಗೆ ಒಂದೇ ಉಪಯೋಗ: ಯಾವ ಯಾವ ಚೌಕ ಕೆಟ್ಟಿವೆ ಅಂತ ಫೈಂಡ್ ಆಲ್‌ನಿಂದ ಎಣಿಸುವುದು. ಎಣಿಸಿದರು, 42. ಮೂಲ ಎಕ್ಸೆಲ್ ಫೈಲ್ ಎಲ್ಲಾದರೂ ಇದೆಯೇ ಅಂತ ಕೇಳಿದೆ. ಅದರ ಜಾಗದಲ್ಲೇ ಸಿಎಸ್‌ವಿ ಕೂರಿಸಿ ಹಳೆಯದನ್ನು ಅಳಿಸಿದ್ದರಂತೆ, ಪೆನ್ ಡ್ರೈವಿನಲ್ಲೂ ಇರಲಿಲ್ಲ. ರಮೇಶನ ನಾಲ್ಕು ಪ್ರಶ್ನಾರ್ಥಕಕ್ಕೂ ಮಹೇಶನ ನಾಲ್ಕು ಪ್ರಶ್ನಾರ್ಥಕಕ್ಕೂ ಫೈಲಿನೊಳಗೆ ಯಾವ ವ್ಯತ್ಯಾಸವೂ ಉಳಿದಿರುವುದಿಲ್ಲ; ಯಾವ ಚಿಹ್ನೆ ಹಾಕಿ ಹುಡುಕಿದರೂ ಹೆಸರು ವಾಪಸು ಬರುವುದಿಲ್ಲ. ಮೇಡಂ ಕ್ರಮಸಂಖ್ಯೆ ನೋಡಿಕೊಂಡು, ಹಾಜರಿ ಪುಸ್ತಕ ಪಕ್ಕದಲ್ಲಿಟ್ಟುಕೊಂಡು, ನಲವತ್ತೆರಡು ಹೆಸರನ್ನೂ ಮತ್ತೆ ಟೈಪ್ ಮಾಡಿದರು.